ಹೇಳಿ ಬರೆಯುವವರಿಗೆ ತಂತಿಯ ಇಯರ್‌ಫೋನೇ ಸರಿ

ನನಗೆ ಕಣ್ಣು ಮಂಜು. ಚಾಟ್‌ನಲ್ಲಿ ಬರುವುದನ್ನೆಲ್ಲ ನನ್ನ ಆಂಡ್ರಾಯ್ಡ್ ಫೋನಿನ ಪರದೆ ಓದುವ ತಂತ್ರಾಂಶ ಟಾಕ್‌ಬ್ಯಾಕ್ ಓದಿ ಹೇಳುತ್ತದೆ, ಉತ್ತರವನ್ನು ನಾನು ಕೀಬೋರ್ಡಿನ ಮೈಕ್ ಒತ್ತಿ ಬಾಯಲ್ಲಿ ಹೇಳುತ್ತೇನೆ. ಓದುವ ದನಿಯೂ ಕೇಳಿಸಿಕೊಳ್ಳುವ ಮೈಕೂ ಒಂದೇ ಫೋನಿನಲ್ಲಿರುವುದರಿಂದ ಎರಡಕ್ಕೂ ಜಗಳ ತಪ್ಪುವುದಿಲ್ಲ. ಆ ಜಗಳ ಬಿಡಿಸಲು ದುಬಾರಿ ನಿಸ್ತಂತು ಇಯರ್‌ಬಡ್ ಕೊಂಡೆ. ಈಗ ಅದು ಮೇಜಿನ ಡ್ರಾಯರಿನಲ್ಲಿದೆ.

ಮೊದಲು ಸ್ಪೀಕರಿನಲ್ಲೇ ಕೇಳುತ್ತಿದ್ದೆ. ನಾನು ಮಾತನಾಡುವಾಗ ಬೇರೆ ಸಂದೇಶ ಬಂದರೆ ಟಾಕ್‌ಬ್ಯಾಕ್ ಅದನ್ನು ಓದುತ್ತಿತ್ತು, ಮೈಕ್ ಅದನ್ನೂ ನನ್ನ ಮಾತೆಂದೇ ಬರೆದುಕೊಳ್ಳುತ್ತಿತ್ತು. ಜೊತೆಗೆ ಮನೆಯವರಿಗೆಲ್ಲ ನನ್ನ ಚಾಟ್ ಬಾಯಿಪಾಠ.

ಇಯರ್‌ಬಡ್ ಹಾಕಿದ ಮೇಲೆ ಆ ಕಾಟ ನಿಂತಿತು, ಇನ್ನೊಂದು ಶುರುವಾಯಿತು. ಹಾಡು ಕೇಳಿಸುವಾಗ ಬ್ಲೂಟೂತ್ ಒಂದು ಬಗೆಯ ಸಂಪರ್ಕವನ್ನು ಬಳಸುತ್ತದೆ. ಮೈಕ್ ಬೇಕಾದಾಗ ಫೋನ್ ಕರೆಗೆ ಬಳಸುವ ಸಂಪರ್ಕಕ್ಕೆ ಬದಲಾಗುತ್ತದೆ. ಈ ಬದಲಾವಣೆಗೆ ಹಿಡಿಯುವ ಚೂರು ಹೊತ್ತಿನಲ್ಲಿ ನಾವು ಆಡಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಒಮ್ಮೆ ಅಕ್ಕನಿಗೆ "ನಾಳೆ ಊಟಕ್ಕೆ ಬಾ" ಎಂದು ಹೇಳಿ, ಓದಿಸಿಕೊಳ್ಳದೆ ಕಳುಹಿಸಿದೆ. ಹೋಗಿದ್ದು "ಊಟಕ್ಕೆ ಬಾ" ಅಷ್ಟೇ. ಒಂದು ಗಂಟೆಯೊಳಗೆ ಅಕ್ಕ ಬಾಗಿಲಲ್ಲಿ! ಒಲೆಯ ಮೇಲೆ ಏನೂ ಇರಲಿಲ್ಲ.

ಸಂಪರ್ಕ ಬದಲಾಯಿತೇ ಎಂದು ತಿಳಿಯಲು ಗುರುತೊಂದಿದೆ: ಟಾಕ್‌ಬ್ಯಾಕ್ ದನಿ ಇದ್ದಕ್ಕಿದ್ದಂತೆ ಹಳೆಯ ದೂರವಾಣಿಯ ದನಿಯಂತೆ ಮಂಕಾಗುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಮೊದಲ ಪದ ಉಳಿಯುತ್ತದೆ. ಆದರೆ ಅವಸರದಲ್ಲಿ ಯಾರು ಕಾಯುತ್ತಾರೆ? ಓದಿಸಿಕೊಂಡು ತಿದ್ದೋಣವೆಂದರೆ ಅಲ್ಲಿಯೂ ತೊಡಕು. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ನನ್ನ ಇಯರ್‌ಬಡ್ ತೂಕಡಿಸುತ್ತದೆ, ಎಚ್ಚರಗೊಳ್ಳುವಷ್ಟರಲ್ಲಿ ಪದದ ತಲೆ ಹಾರಿಹೋಗಿರುತ್ತದೆ. ಒಂದೊಂದೇ ಅಕ್ಷರ ಓದಿಸಿಕೊಳ್ಳುವಾಗ ತಲೆ ಹೋದರೆ ಉಳಿಯುವುದೇನು?

ತಂತಿಯ ಇಯರ್‌ಫೋನಿನಲ್ಲಿ ಇವೆರಡೂ ಇಲ್ಲ. ಒಂದೇ ಕಿವಿಗೆ ಹಾಕುತ್ತೇನೆ, ಇನ್ನೊಂದು ಕಿವಿ ಸುತ್ತಲಿನ ಸದ್ದಿಗೆ. ಹೇಳಿ ಮುಗಿಸಿದ ಮೇಲೆ ಮೂರು ಬೆರಳು ಸರಿಸಿ ಓದುವ ಅಳತೆಯನ್ನು 'ಪದ'ಕ್ಕೆ ತರುತ್ತೇನೆ, ಒಂದು ಬೆರಳಿನಿಂದ ಕೆಳಕ್ಕೆ ಸರಿಸುತ್ತ ಪದಪದವಾಗಿ ಕೇಳುತ್ತೇನೆ, ಆಮೇಲೆ ಕಳುಹಿಸುವ ಗುಂಡಿ. ತಂತಿ ಗಂಟಾಗುತ್ತದೆ, ನಿಜ. ದುಂಡು ರಂಧ್ರವಿಲ್ಲದ ಫೋನಿಗೆ ಟೈಪ್-ಸಿ ಪಿನ್ನಿನದೇ ಬೇಕು.

ಗೆಳತಿಯ ಐಫೋನಿನಲ್ಲಿ ಪರದೆ ಓದಲು ವಾಯ್ಸ್‌ಓವರ್ ಇದೆ. ಎರಡು ಬೆರಳಿನಿಂದ ಎರಡು ಸಲ ತಟ್ಟಿದರೆ ಬರೆದುಕೊಳ್ಳಲು ಶುರು, ಮತ್ತೆ ಹಾಗೆಯೇ ತಟ್ಟಿದರೆ ನಿಲ್ಲುತ್ತದೆ. ಮೈಕ್ ಗುಂಡಿಯನ್ನು ಹುಡುಕಬೇಕಿಲ್ಲ. ಅದೊಂದಕ್ಕೆ ನನಗೆ ಹೊಟ್ಟೆಕಿಚ್ಚು.

ಬ್ರೈಲ್ ಬಲ್ಲವರಿಗೆ ಈ ಪಂಚಾಯಿತಿಯೇ ಬೇಡ: 2020ರಿಂದ ಟಾಕ್‌ಬ್ಯಾಕಿನಲ್ಲೇ ಬ್ರೈಲ್ ಕೀಬೋರ್ಡ್ ಇದೆ, ಪರದೆಯ ಮೇಲೆ ಆರು ಬೆರಳಿಟ್ಟು ಸದ್ದಿಲ್ಲದೆ ಬರೆಯಬಹುದು. ನಾನು ಕಲಿತಿಲ್ಲ. ಇಯರ್‌ಬಡ್‌ಗೆ ಸುರಿದ ಹಣದಲ್ಲಿ ತಂತಿಯವು ಏಳೆಂಟು ಬರುತ್ತಿದ್ದವು ಎಂದು ಅಕ್ಕ ಈಗಲೂ ಹಂಗಿಸುತ್ತಾಳೆ.