ಫೋನಿಗೆ ವೈರಸ್ ಬಂದಿದೆ ಅಂತ 650 ರೂಪಾಯಿ ಕಿತ್ತುಕೊಂಡರು, ಇದ್ದದ್ದು ಕ್ರೋಮಿನ ಒಂದು ಪರ್ಮಿಷನ್. ಮಂಡ್ಯ, ಮೈಸೂರಿನವರು ದಯವಿಟ್ಟು ಓದಿ

"ನಿಮ್ಮ ಫೋನಿನಲ್ಲಿ 5 ವೈರಸ್ ಪತ್ತೆಯಾಗಿವೆ" ಅಂತ ಮೇಲಿಂದ ಮೇಲೆ ನೋಟಿಫಿಕೇಶನ್ ಬರ್ತಿದ್ರೆ ತಕ್ಷಣ ಮೊಬೈಲ್ ಅಂಗಡಿಗೆ ಓಡಬೇಡಿ. ನಾವು ಓಡಿದ್ವಿ. ಮಂಡ್ಯದ ಒಂದು ಅಂಗಡಿಯಲ್ಲಿ 650 ರೂಪಾಯಿ ಕೊಟ್ಟು ಅಪ್ಪನ ಫೋನಿನ ವೈರಸ್ ತೆಗೆಸಿಕೊಂಡು ಬಂದ್ವಿ. ಆ ಫೋನಲ್ಲಿ ವೈರಸ್ಸೇ ಇರಲಿಲ್ಲ. ಒಂದೂ ಇರಲಿಲ್ಲ.

ಶುರುವಾಗಿದ್ದು ಕೆಆರ್‌ಎಸ್ ನೀರಿನ ಮಟ್ಟದಿಂದ. ಮಳೆಗಾಲದಲ್ಲಿ ನಮ್ಮ ಕಡೆ ಬೆಳಿಗ್ಗೆ ಎದ್ದ ಕೂಡಲೇ ಎಲ್ಲರೂ ನೋಡೋದು ಅದನ್ನೇ, 124.80 ಅಡಿಗೆ ಇನ್ನೆಷ್ಟು ಬಾಕಿ ಅಂತ. ಅಪ್ಪ ಹುಡುಕಿದಾಗ ಯಾವುದೋ ಸೈಟು ತೆರೆದುಕೊಂಡಿದೆ. ಪುಟ ಪೂರ್ತಿ ಮಬ್ಬು, ನಡುವೆ ದೊಡ್ಡ ಬಾಣದ ಗುರುತು, ಕೆಳಗೆ "ನೀವು ರೋಬೋಟ್ ಅಲ್ಲ ಎಂದು ಖಚಿತಪಡಿಸಲು Allow ಒತ್ತಿ". ಅಪ್ಪ ಒತ್ತಿದ್ದಾರೆ. ಯಾರಾದ್ರೂ ಒತ್ತುತ್ತಾರೆ.

ಮೋಸ ಇರೋದು ಇಲ್ಲೇ. ರೋಬೋಟ್ ಮಾತು ಬರೆದಿದ್ದು ಆ ಸೈಟಿನವರು. `Allow` ಮತ್ತು `Block` ಇರುವ ಚಿಕ್ಕ ಡಬ್ಬಿ ಮಾತ್ರ ಬ್ರೌಸರಿನದು, ಅದು ಕೇಳ್ತಿರೋದು ಬೇರೆಯದೇ ಪ್ರಶ್ನೆ: ಈ ಸೈಟಿನಿಂದ ನಿಮಗೆ ನೋಟಿಫಿಕೇಶನ್ ಕಳಿಸಬಹುದಾ? ಎರಡನ್ನೂ ಒಂದರ ಪಕ್ಕ ಒಂದು ಬರೋ ಹಾಗೆ ಮಾಡಿ, ಒಂದರ ಉತ್ತರವನ್ನ ಇನ್ನೊಂದಕ್ಕೆ ಹಾಕಿಸಿಕೊಳ್ತಾರೆ. ನೀವು ರೋಬೋಟ್ ಅಲ್ಲ ಅಂತ ಪರೀಕ್ಷೆ ಮಾಡೋಕೆ ನೋಟಿಫಿಕೇಶನ್ ಪರ್ಮಿಷನ್ ಬೇಕಾಗೋದೇ ಇಲ್ಲ. ವಿಡಿಯೋ ನೋಡೋಕೂ ಬೇಡ, ಫೈಲ್ ಇಳಿಸಿಕೊಳ್ಳೋಕೂ ಬೇಡ.

ಒಂದು ಸಲ ಒತ್ತಿದ ಮೇಲೆ ಆ ಪುಟ ಮುಚ್ಚಿದ್ರೂ ನೋಟಿಫಿಕೇಶನ್ ಬರುತ್ತೆ, ಕ್ರೋಮ್ ತೆರೆಯದೇ ಇದ್ರೂ ಬರುತ್ತೆ. ರಾತ್ರಿ ಹನ್ನೊಂದಕ್ಕೆ ಕೆಂಪು ಗುರಾಣಿಯ ಚಿತ್ರ, "ಬ್ಯಾಟರಿ ಹಾಳಾಗುತ್ತಿದೆ, ಈಗಲೇ ಕ್ಲೀನ್ ಮಾಡಿ". ಅಪ್ಪ ಗಾಬರಿಯಾಗಿ ಬ್ಯಾಂಕಿನ ಆ್ಯಪ್ ಮುಟ್ಟೋದನ್ನೇ ಬಿಟ್ಟಿದ್ರು.

ಅಂಗಡಿಯವನು ಫೋನ್ ನೋಡಿ ಹೇಳಿದ್ದು: "ಅಣ್ಣ, ವೈರಸ್ ಒಳಗಡೆ ಕೂತುಬಿಟ್ಟಿದೆ. ಇವತ್ತು ತೆಗೀದೇ ಇದ್ರೆ ಡೇಟಾ ಎಲ್ಲಾ ಹೋಗುತ್ತೆ." ಹತ್ತು ನಿಮಿಷ ಏನೇನೋ ಒತ್ತಿ, ಒಂದು ಆಂಟಿವೈರಸ್ ಆ್ಯಪ್ ಹಾಕಿ, ಬ್ರೌಸರಿನ ಹಿಸ್ಟರಿ ಅಳಿಸಿ ಕೊಟ್ಟ. 650. ನಾನೂ ಅಲ್ಲೇ ನಿಂತಿದ್ದೆ, ಒಂದು ಪ್ರಶ್ನೆ ಕೇಳಲಿಲ್ಲ. ಅದೇ ರಾತ್ರಿ ಅದೇ ಗುರಾಣಿ ಮತ್ತೆ ಬಂತು.

ಮಾರನೇ ದಿನ ಹೋಗಿ ಕೇಳಿದ್ರೆ ಅವನ ಉತ್ತರ: "ಯಜಮಾನ್ರು ಮತ್ತೆ ಏನಾದ್ರೂ ಕೆಟ್ಟ ಸೈಟ್ ನೋಡಿರ್ತಾರೆ ಅಣ್ಣ, ನಾವೇನು ಮಾಡೋಣ?" ಅಪ್ಪ ಪಕ್ಕದಲ್ಲೇ ನಿಂತಿದ್ರು. ಅಂಗಡಿ ತುಂಬ ಜನ. ಅವರು ನೋಡಿದ್ದು ಕಟ್ಟೆಯ ನೀರಿನ ಮಟ್ಟ! ದುಡ್ಡು ಹೋಗಲಿ, ಆ ಮಾತನ್ನ ನಾನು ಮರೆಯಲ್ಲ. "ಫುಲ್ ಫಾರ್ಮ್ಯಾಟ್ ಮಾಡಿಸಿ, ಇನ್ನು 400 ಆಗುತ್ತೆ" ಅಂತ ಬೇರೆ.

ಮನೆಗೆ ಬಂದು ಆ ನೋಟಿಫಿಕೇಶನ್ನನ್ನ ಸರಿಯಾಗಿ ನೋಡಿದಾಗ ಎಲ್ಲಾ ಗೊತ್ತಾಯ್ತು. ಕಳಿಸೋರು ತಲೆಬರಹ, ಚಿತ್ರ, ಮಾತು ಎಲ್ಲವನ್ನೂ ತಮಗೆ ಬೇಕಾದ ಹಾಗೆ ಹಾಕಬಹುದು. ಆದ್ರೆ ನೋಟಿಫಿಕೇಶನ್ ಕ್ರೋಮಿನದು ಅನ್ನೋದನ್ನ ಮತ್ತು ಸೈಟಿನ ವಿಳಾಸವನ್ನ ಬ್ರೌಸರೇ ಸಣ್ಣ ಅಕ್ಷರದಲ್ಲಿ ಹಾಕುತ್ತೆ. ಅಲ್ಲಿ `Chrome` ಅಂತಲೂ ಯಾವುದೋ ಗೊತ್ತಿಲ್ಲದ ವಿಳಾಸವೂ ಇದ್ರೆ ಅದು ವೈರಸ್ ಎಚ್ಚರಿಕೆ ಅಲ್ಲ, ಜಾಹೀರಾತು. ಅದರ ಮೇಲೆ ಒತ್ತಬೇಡಿ.

ತೆಗೆಯೋದು ಹೀಗೆ. ಆಂಡ್ರಾಯ್ಡ್ ಕ್ರೋಮಿನಲ್ಲಿ ಮೂರು ಚುಕ್ಕಿ ಒತ್ತಿ `Settings`, ಅಲ್ಲಿಂದ `Site settings`, ಆಮೇಲೆ `Notifications`. ಅನುಮತಿ ಪಡೆದ ಸೈಟುಗಳ ಪಟ್ಟಿ ಅಲ್ಲೇ ಇರುತ್ತೆ. ಅಪ್ಪನ ಫೋನಲ್ಲಿ ಏಳು ಇದ್ವು. ಒಂದೊಂದನ್ನೇ ತೆರೆದು ಅನುಮತಿ ತೆಗೆದು, ಮೇಲಿರುವ ಮುಖ್ಯ ಸ್ವಿಚ್ಚನ್ನೂ ಆಫ್ ಮಾಡಿದ್ವಿ. ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಒಂದೂ ಬಂದಿಲ್ಲ.

ಎರಡನ್ನೂ ಮಾಡಲೇಬೇಕು, ಇಲ್ಲೇ ತುಂಬ ಜನ ಎಡವೋದು. ಮುಖ್ಯ ಸ್ವಿಚ್ ಆಫ್ ಮಾಡಿದ್ರೆ ಹೊಸ ಸೈಟುಗಳು ಕೇಳೋದು ನಿಲ್ಲುತ್ತೆ ಅಷ್ಟೇ, ಹಿಂದೆಯೇ ಅನುಮತಿ ಪಡೆದವು ಪಟ್ಟಿಯಲ್ಲಿ ಹಾಗೇ ಉಳಿದು ಕಳಿಸ್ತಾನೇ ಇರ್ತವೆ. ಬರೀ ಪಟ್ಟಿ ಖಾಲಿ ಮಾಡಿ ಸ್ವಿಚ್ ಬಿಟ್ರೆ ಮುಂದಿನ ವಾರ ಮತ್ತೆ ತುಂಬುತ್ತೆ. ಕೇಳಿದಾಗೆಲ್ಲ `Block` ಒತ್ತಿದ್ರೆ ಸಾಲದಾ ಅಂದ್ರೆ, ಸಾಲದು. ಅನುಮತಿಯ ಲೆಕ್ಕ ಒಂದೊಂದು ವಿಳಾಸಕ್ಕೂ ಬೇರೆ ಬೇರೆ. ನೀವು `Block` ಒತ್ತಿದ ಕೂಡಲೇ ಈ ಸೈಟುಗಳು ಸ್ವಲ್ಪ ಬದಲಾದ ಇನ್ನೊಂದು ವಿಳಾಸಕ್ಕೆ ಎಸೆದು ಹೊಸದಾಗಿ ಕೇಳ್ತವೆ, ನೀವು ಬೇಸತ್ತು `Allow` ಒತ್ತೋ ತನಕ. ಅಂಗಡಿಯವನು ಅಳಿಸಿದ್ದು ಹಿಸ್ಟರಿ. ಹಿಸ್ಟರಿ ಒಂದನ್ನೇ ಅಳಿಸಿದ್ರೆ ಈ ಅನುಮತಿ ಹೋಗಲ್ಲ, ಅದು ಇರೋ ಜಾಗವೇ ಬೇರೆ.

ಕಂಪ್ಯೂಟರಿನಲ್ಲಾದ್ರೆ ಕ್ರೋಮಿನ ಅಡ್ರೆಸ್ ಬಾರ್‌ನಲ್ಲಿ ಇದನ್ನ ಟೈಪ್ ಮಾಡಿ, ನೇರ ಅದೇ ಪುಟ ಬರುತ್ತೆ:

```
chrome://settings/content/notifications
```

ವಾಟ್ಸಾಪ್ ವೆಬ್, ಜಿಮೇಲ್ ಥರ ನಿಜವಾಗಿ ಬೇಕಾದವನ್ನ ಮಾತ್ರ ಅಲ್ಲೇ ಅನುಮತಿಯ ಪಟ್ಟಿಗೆ ಸೇರಿಸಿಕೊಳ್ಳಿ. ಫೈರ್‌ಫಾಕ್ಸ್ ಬಳಸೋರು `Privacy & Security` ಒಳಗೆ `Permissions` ಭಾಗದಲ್ಲಿ `Notifications` ತೆರೆದು, ಹೊಸ ಕೋರಿಕೆಗಳನ್ನ ತಡೆಯುವ ಚೌಕಕ್ಕೆ ಗುರುತು ಹಾಕಿ.

ಆ ಸೈಟಿನಲ್ಲಿ ತಾನಾಗೇ ಕಿರುಚುವ ವಿಡಿಯೋ ಕೂಡ ಇತ್ತು. ಕ್ರೋಮ್ 2018ರಿಂದ ಶಬ್ದದ ಆಟೋಪ್ಲೇಯನ್ನ ತಡೆಯುತ್ತೆ ಅಂತ ನಂಬಿಕೊಂಡಿರಬೇಡಿ. ನೀವು ಆ ಸೈಟಿನಲ್ಲಿ ಎಲ್ಲಾದ್ರೂ ಒಂದು ಸಲ ಒತ್ತಿದ್ರೆ ಸಾಕು, ಶಬ್ದಕ್ಕೆ ದಾರಿ ಸಿಕ್ಕ ಹಾಗೆ. ಶಬ್ದ ಇಲ್ಲದ ವಿಡಿಯೋವನ್ನಂತೂ ತಡೆಯೋದೇ ಇಲ್ಲ. ಕ್ರೋಮಿನಲ್ಲಿ `Site settings` ಒಳಗಿನ `Sound` ಆಫ್ ಮಾಡಿದ್ರೆ ಬಾಯಿ ಮುಚ್ಚುತ್ತೆ, ಚಿತ್ರ ಓಡ್ತಾನೇ ಇರುತ್ತೆ. ಪೂರ್ತಿ ನಿಲ್ಲಿಸಬೇಕು ಅಂದ್ರೆ ಫೈರ್‌ಫಾಕ್ಸ್ ವಾಸಿ, ಅದರಲ್ಲಿ `Autoplay` ಗೆ `Block Audio and Video` ಅಂತಲೇ ಆಯ್ಕೆ ಇದೆ. ಅಪ್ಪನಿಗೆ ಈಗ ಅದನ್ನೇ ಹಾಕಿಕೊಟ್ಟಿದ್ದೀನಿ.

`Pop-ups and redirects` ಆಫ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಆಫ್ ಇದ್ರೂ, ನಿಮ್ಮ ಬೆರಳು ಒತ್ತಿದ್ದಕ್ಕೆ ತೆರೆದುಕೊಳ್ಳುವ ಹೊಸ ಪುಟವನ್ನ ಬ್ರೌಸರ್ ಸಾಮಾನ್ಯವಾಗಿ ಬಿಟ್ಟುಬಿಡುತ್ತೆ. ಸುಳ್ಳು ಪ್ಲೇ ಬಟನ್, ಸುಳ್ಳು ಡೌನ್‌ಲೋಡ್ ಬಟನ್ ಇಡೋದು ಅದಕ್ಕೇ.

ಒಂದು ಮಾತು ಬೇರೆ. ನೋಟಿಫಿಕೇಶನ್ ಒತ್ತಿ ಆ ಪುಟದಿಂದ ಯಾವುದಾದ್ರೂ ಆ್ಯಪ್ ಹಾಕಿಕೊಂಡಿದ್ರೆ, ಕಾರ್ಡ್ ನಂಬರ್ ಅಥವಾ ಒಟಿಪಿ ಕೊಟ್ಟಿದ್ರೆ ಮೇಲೆ ಹೇಳಿದ್ದು ಸಾಲದು. ಆ್ಯಪ್ ತೆಗೀರಿ, ಬ್ಯಾಂಕಿಗೆ ತಿಳಿಸಿ, ದುಡ್ಡು ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಇಷ್ಟಾದ ಮೇಲೂ ಅಂಗಡಿಗೆ ಹೋಗ್ತೀರಾ ಅಂದ್ರೆ, ದುಡ್ಡು ತೆಗೆಯೋ ಮುಂಚೆ ಆ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿಸಿ, ಇದು ಯಾವ ಆ್ಯಪ್‌ನಿಂದ ಬರ್ತಿದೆ, ಯಾವ ವಿಳಾಸದಿಂದ ಬರ್ತಿದೆ ತೋರಿಸಪ್ಪ ಅಂತ ಕೇಳಿ. ನಾನು ಕೇಳಲಿಲ್ಲ.