ಬಾಕಿ ಹಣದ ಬದಲು ಪ್ರಿಫರೆನ್ಸ್ ಷೇರು ಒಪ್ಪುವ ಮುನ್ನ: ಲೆಕ್ಕದಲ್ಲಿ ಸಾಲ, ಕೋರ್ಟಿನಲ್ಲಿ ಷೇರು

ನಿಮಗೆ ಬರಬೇಕಾದ ಬಾಕಿಯ ಬದಲಿಗೆ ಸಾಮಾನ್ಯ ಷೇರಿಗಿಂತ ಮೊದಲು ಡಿವಿಡೆಂಡ್ ಪಡೆಯುವ ಶೇ 8 ಅಥವಾ 9ರ ಪ್ರಿಫರೆನ್ಸ್ ಷೇರು ಕೊಡುತ್ತೇವೆ, ಮೂರೋ ಐದೋ ವರ್ಷಕ್ಕೆ ಅಸಲು ವಾಪಸ್ ಮಾಡುತ್ತೇವೆ, ತಪ್ಪಿದ ಡಿವಿಡೆಂಡ್ ಮುಂದಿನ ವರ್ಷಕ್ಕೆ ಕೂಡಿಕೊಳ್ಳುತ್ತದೆ ಎಂದು ಯಾವುದಾದರೂ ಕಂಪನಿ ಹೇಳಿದರೆ, ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದಿ. ದರ ಇದೆ, ಅವಧಿ ಇದೆ, ಅಸಲೂ ಮರಳುತ್ತದೆ ಎಂದಮೇಲೆ ಇದು ಸಾಲವೇ ಅಲ್ಲವೇ ಎಂದು ಅನ್ನಿಸುವುದು ಸಹಜ. ಲೆಕ್ಕಪತ್ರದ ಮಾನದಂಡವೂ ಹೌದು, ಇದು ಸಾಲ ಎನ್ನುತ್ತದೆ. ಆದರೆ ವಸೂಲಿಗೆ ಹೋದ ದಿನ ಕಾನೂನು ಬೇರೆಯೇ ಉತ್ತರ ಕೊಡುತ್ತದೆ. ಈ ಎರಡು ಉತ್ತರಗಳ ನಡುವೆ ಸಿಕ್ಕಿಕೊಂಡವರ ಹಣ ಕೋಟಿಗಟ್ಟಲೆ ಮುಳುಗಿದೆ.

ಎಲ್ಲರೂ ತಿಳಿದಿರಬೇಕಾದ ಪ್ರಕರಣ ಇಪಿಸಿ ಕನ್‌ಸ್ಟ್ರಕ್ಷನ್ಸ್ ಮತ್ತು ಮ್ಯಾಟಿಕ್ಸ್ ಫರ್ಟಿಲೈಸರ್ಸ್ ನಡುವಿನದು. ಮ್ಯಾಟಿಕ್ಸ್‌ನ ರಸಗೊಬ್ಬರ ಕಾರ್ಖಾನೆಯ ನಿರ್ಮಾಣ ಕೆಲಸ ಮಾಡಿದ್ದ ಗುತ್ತಿಗೆ ಕಂಪನಿ ಇಪಿಸಿ. ಅದಕ್ಕೆ ದೊಡ್ಡ ಮೊತ್ತದ ಬಿಲ್ಲು ಬಾಕಿ ಇತ್ತು. 2015ರಲ್ಲಿ ಆ ಬಾಕಿಯ ಒಂದು ಭಾಗವನ್ನು ಶೇ 8ರ ಸಂಚಿತ, ಅಂದರೆ ತಪ್ಪಿದ ಡಿವಿಡೆಂಡ್ ಕೂಡಿಕೊಳ್ಳುವ, ಮರುಪಾವತಿಯ ಪ್ರಿಫರೆನ್ಸ್ ಷೇರುಗಳಾಗಿ ಬದಲಾಯಿಸಲು ಇಪಿಸಿ ಒಪ್ಪಿತು. ತಲಾ 10 ರೂಪಾಯಿಯ 25 ಕೋಟಿ ಷೇರು, ಒಟ್ಟು 250 ಕೋಟಿ ರೂಪಾಯಿ, ಮೂರು ವರ್ಷಕ್ಕೆ ವಾಪಸ್. ಅವಧಿ ಮುಗಿದರೂ ಹಣ ಬರಲಿಲ್ಲ. ಅಷ್ಟರಲ್ಲಿ ಇಪಿಸಿಯೇ ದಿವಾಳಿ ಪ್ರಕ್ರಿಯೆಗೆ ಒಳಗಾಗಿತ್ತು. ಅಸಲು ಮತ್ತು ಡಿವಿಡೆಂಡ್ ಸೇರಿಸಿ ಸುಮಾರು 310 ಕೋಟಿ ಹಣಕಾಸು ಸಾಲ ಬಾಕಿ ಇದೆ ಎಂದು ಹಣಕಾಸು ಸಾಲ ಕೊಟ್ಟವರಿಗೆಂದೇ ಇರುವ ದಿವಾಳಿ ಸಂಹಿತೆಯ 7ನೇ ಸೆಕ್ಷನ್ನಿನಡಿ ಮ್ಯಾಟಿಕ್ಸ್ ವಿರುದ್ಧ ಅರ್ಜಿ ಹಾಕಲಾಯಿತು. ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಲಿಲ್ಲ, ಮೇಲ್ಮನವಿ ಮಂಡಳಿ ಒಪ್ಪಲಿಲ್ಲ, 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ.

ಮ್ಯಾಟಿಕ್ಸ್ ತನ್ನ ಲೆಕ್ಕಪತ್ರದಲ್ಲಿ ಈ ಷೇರುಗಳನ್ನು ಹೊಣೆ ಎಂದೇ ತೋರಿಸಿದೆ ಎಂಬ ವಾದವೂ ಬಂದಿತ್ತು. ಲೆಕ್ಕಪತ್ರದ ಮಾನದಂಡಕ್ಕಾಗಿ ಹಾಗೆ ತೋರಿಸಿದ ಮಾತ್ರಕ್ಕೆ ಇಬ್ಬರ ನಡುವಿನ ಸಂಬಂಧ ಸಾಲಗಾರ ಮತ್ತು ಸಾಲಿಗನ ಸಂಬಂಧ ಆಗುವುದಿಲ್ಲ ಎಂದಿತು ಕೋರ್ಟ್. ಷೇರಿಗೆ ಕಟ್ಟಿದ ಹಣ ಬಂಡವಾಳವೇ ಹೊರತು ಸಾಲವಲ್ಲ. ಲಾಭವೂ ಇಲ್ಲ, ಹೊಸ ಷೇರಿನ ಹಣವೂ ಇಲ್ಲ ಎಂದಾಗ ಆ ಷೇರನ್ನು ವಾಪಸ್ ಪಡೆಯಲು ಕಂಪನಿಗೆ ಕಾನೂನೇ ಬಿಡುವುದಿಲ್ಲ. ಆದ್ದರಿಂದ ದಿವಾಳಿ ಸಂಹಿತೆ ಹೇಳುವ ಸುಸ್ತಿ ಅಲ್ಲಿ ಹುಟ್ಟುವುದೇ ಇಲ್ಲ.

ಇಲ್ಲಿ ಕಳೆದುಹೋದದ್ದು ಏನೆಂದು ಗಮನಿಸಿ. ಬಿಲ್ಲು ಬಿಲ್ಲಾಗಿಯೇ ಉಳಿದಿದ್ದರೆ ಗುತ್ತಿಗೆದಾರನಿಗೆ ಅದೇ ಸಂಹಿತೆಯ 9ನೇ ಸೆಕ್ಷನ್ನಿನ ದಾರಿ, ಅಂದರೆ ಸರಕು ಸೇವೆಯ ಬಿಲ್ಲು ಬಾಕಿ ಇರುವವರ ದಾರಿ, ತೆರೆದಿರುತ್ತಿತ್ತು. ಕಂಪನಿ ಮುಚ್ಚಿದರೂ ಹಣ ಹಂಚುವ ಸಾಲಿನಲ್ಲಿ ಅವನು ಉಳಿದ ಸಾಲಿಗರ ಜತೆ ನಿಲ್ಲುತ್ತಿದ್ದ. ಷೇರು ತೆಗೆದುಕೊಂಡ ಕ್ಷಣದಿಂದ ಅವನ ಸ್ಥಾನ ಎಲ್ಲ ಸಾಲಿಗರ ಹಿಂದೆ, ಸಾಮಾನ್ಯ ಷೇರುದಾರನಿಗಿಂತ ಒಂದೇ ಮೆಟ್ಟಿಲು ಮುಂದೆ. ಒಂದು ಸಹಿಗೆ ತೆತ್ತ ಬೆಲೆ ಇದು.

ಹಾಗಾದರೆ ಲೆಕ್ಕಪತ್ರ ಯಾಕೆ ಇದನ್ನು ಸಾಲ ಎನ್ನುತ್ತದೆ? ದೊಡ್ಡ ಕಂಪನಿಗಳು ಪಾಲಿಸುವ ಭಾರತೀಯ ಲೆಕ್ಕಪತ್ರ ಮಾನದಂಡಗಳೇ ಇಂಡ್ ಎಎಸ್. ಅವುಗಳಲ್ಲಿ ಒಂದಾದ ಇಂಡ್ ಎಎಸ್ 32 ಹೆಸರನ್ನು ನೋಡುವುದಿಲ್ಲ. ಹಣ ಕೊಡುವುದನ್ನು ತಪ್ಪಿಸಿಕೊಳ್ಳುವ ಪೂರ್ಣ ಹಕ್ಕು ಕಂಪನಿಯ ಕೈಯಲ್ಲಿದೆಯೇ ಎಂದಷ್ಟೇ ಕೇಳುತ್ತದೆ. ನಿಗದಿತ ದಿನಕ್ಕೆ ಅಥವಾ ಷೇರುದಾರ ಕೇಳಿದಾಗ ಅಸಲು ವಾಪಸ್ ಕೊಡಲೇಬೇಕು ಎಂದಿದ್ದರೆ ಆ ಹಕ್ಕು ಇಲ್ಲ, ಆದ್ದರಿಂದ ಅದು ಹೊಣೆ. ಕೊಡಲು ಲಾಭ ಸಾಲದು, ಕಾನೂನು ತಡೆಯುತ್ತದೆ ಎಂಬ ಕಾರಣಕ್ಕೆ ಹೊಣೆ ಇಲ್ಲವಾಗುವುದಿಲ್ಲ ಎಂದು ಮಾನದಂಡವೇ ಬಿಡಿಸಿ ಹೇಳಿದೆ. ಕೋರ್ಟು ಸುಸ್ತಿ ಇಲ್ಲ ಎಂದದ್ದು ಯಾವ ಕಾರಣಕ್ಕೋ, ಮಾನದಂಡ ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಅದೇ ಕಾರಣವನ್ನು. ಎರಡರ ದಾರಿ ಕವಲೊಡೆಯುವುದು ಇಲ್ಲಿಯೇ.

ಬಹಳ ಜನ ತಪ್ಪುವ ಇನ್ನೊಂದು ಜಾಗ ಇದೆ. ಡಿವಿಡೆಂಡ್ ಸಂಚಿತ ಎಂದ ಮಾತ್ರಕ್ಕೆ ಷೇರು ಸಾಲವಾಗುವುದಿಲ್ಲ. ಅದನ್ನು ಸಾಲವಾಗಿಸುವುದು ಅಸಲನ್ನು ಹಿಂದಿರುಗಿಸುವ ಕಟ್ಟುಪಾಡು. ಡಿವಿಡೆಂಡ್ ಸಂಚಿತವೂ ಅಲ್ಲ, ಕೊಡುವುದು ಬಿಡುವುದು ಕಂಪನಿಗೆ ಬಿಟ್ಟದ್ದು, ಆದರೆ ಅಸಲು ಮಾತ್ರ ಐದು ವರ್ಷಕ್ಕೆ ಮರಳಬೇಕು ಎನ್ನಿ. ಆಗ 10 ಕೋಟಿಯ ಷೇರು ಎರಡು ಹೋಳಾಗುತ್ತದೆ. ಅಂಥ ಸಾಲಕ್ಕೆ ಮಾರುಕಟ್ಟೆ ಬಡ್ಡಿ ಶೇ 10 ಎಂದುಕೊಂಡರೆ, ಆ ದರದಲ್ಲಿ ಐದು ವರ್ಷದ ನಂತರದ 10 ಕೋಟಿಯ ಇಂದಿನ ಬೆಲೆ ಸುಮಾರು 6.21 ಕೋಟಿ. ಅಷ್ಟು ಸಾಲ, ಉಳಿದ 3.79 ಕೋಟಿ ಈಕ್ವಿಟಿ. ಆದರೆ ತಪ್ಪಿದ ಡಿವಿಡೆಂಡ್ ಅಸಲಿಗೆ ಸೇರಿ ಕೊನೆಗೆ ಒಟ್ಟಿಗೆ ಕೊಡಬೇಕು ಎಂದಿದ್ದರೆ ಹೋಳಾಗುವುದಿಲ್ಲ, ಪೂರ್ತಿ ಸಾಲ, ಡಿವಿಡೆಂಡ್ ಪೂರ್ತಿ ಬಡ್ಡಿ. ನಮ್ಮ ದೇಶದಲ್ಲಿ 2013ರ ಕಂಪನಿ ಕಾಯ್ದೆಯಡಿ ಎಂದೂ ಮರಳದ ಪ್ರಿಫರೆನ್ಸ್ ಷೇರನ್ನು ಹೊಸದಾಗಿ ಕೊಡುವಂತೆಯೇ ಇಲ್ಲ, ಸಾಮಾನ್ಯವಾಗಿ 20 ವರ್ಷ ಮೀರುವಂತಿಲ್ಲ. ಹಾಗಾಗಿ ಸಾಮಾನ್ಯ ಷೇರಾಗಿ ಕಡ್ಡಾಯವಾಗಿ ಬದಲಾಗುವಂಥವನ್ನು ಬಿಟ್ಟರೆ, ಇಂಡ್ ಎಎಸ್ ಪಾಲಿಸುವ ಕಂಪನಿಯ ಇಂಥ ಷೇರಿನಲ್ಲಿ ಸಾಲದ ಪಾಲು ಇದ್ದೇ ಇರುತ್ತದೆ ಎಂದುಕೊಂಡೇ ಓದಲು ಶುರುಮಾಡಿ.

ಈಗ ಷೇರು ಕೊಟ್ಟ ಕಂಪನಿಯ ಕಡೆ ನೋಡೋಣ. ಅಲ್ಲಿ ಪೆಟ್ಟು ಬೀಳುವುದು ಹಳೆಯ ಎಎಸ್ ಮಾನದಂಡದಿಂದ ಇಂಡ್ ಎಎಸ್‌ಗೆ ದಾಟುವಾಗ. ಹಳೆಯ ಪದ್ಧತಿಯಲ್ಲಿ ಎಲ್ಲ ಪ್ರಿಫರೆನ್ಸ್ ಷೇರೂ ಷೇರು ಬಂಡವಾಳದ ತಲೆಬರಹದಲ್ಲೇ ಇರುತ್ತದೆ. 250 ಕೋಟಿ ನಿವ್ವಳ ಮೌಲ್ಯ ಮುಟ್ಟದ ಸಣ್ಣ ಕಂಪನಿಗೆ ಇಂಡ್ ಎಎಸ್‌ನ ಗೊಡವೆ ಇಲ್ಲ ಎಂದು ಅನೇಕ ಲೆಕ್ಕಿಗರು ಸುಮ್ಮನಿರುತ್ತಾರೆ. ಆದರೆ ಇಂಡ್ ಎಎಸ್ ಪಾಲಿಸುವ ದೊಡ್ಡ ಕಂಪನಿಯೊಂದು ಅದನ್ನು ಕೊಂಡು ಅಂಗಸಂಸ್ಥೆ ಮಾಡಿಕೊಂಡರೆ ಗಾತ್ರ ಎಷ್ಟೇ ಇರಲಿ, ಇದಕ್ಕೂ ಅದೇ ಮಾನದಂಡ.

ಒಂದು ಕಲ್ಪಿತ ಕಂಪನಿ ತೆಗೆದುಕೊಳ್ಳಿ. ಸಾಮಾನ್ಯ ಷೇರು 20 ಕೋಟಿ, ಮೀಸಲು 10 ಕೋಟಿ, ಏಳು ವರ್ಷಕ್ಕೆ ಮರಳಬೇಕಾದ ಶೇ 9ರ ಸಂಚಿತ ಪ್ರಿಫರೆನ್ಸ್ ಷೇರು 15 ಕೋಟಿ, ಬ್ಯಾಂಕ್ ಸಾಲ 40 ಕೋಟಿ. ಸಾಲ ಈಕ್ವಿಟಿಯ ಒಂದೂವರೆ ಪಟ್ಟು ಮೀರಬಾರದು ಎಂದು ಬ್ಯಾಂಕಿನ ಕರಾರು. ಹಳೆಯ ಲೆಕ್ಕದಲ್ಲಿ 40ಕ್ಕೆ 45, ಅಂದರೆ 0.89. ನೆಮ್ಮದಿ. ಇಂಡ್ ಎಎಸ್‌ನಲ್ಲಿ 15 ಕೋಟಿ ಆಚೆಯಿಂದ ಈಚೆಗೆ ಬರುತ್ತದೆ, 55ಕ್ಕೆ 30, ಅಂದರೆ 1.83. ಒಂದು ರೂಪಾಯಿಯೂ ಹೊಸದಾಗಿ ಸಾಲ ಮಾಡದೆ ಕರಾರು ಮುರಿಯಿತು.

ಇನ್ನೂ ಒಂದು ಮೊತ್ತ ಅಡಗಿ ಕೂತಿರುತ್ತದೆ, ಸಾಮಾನ್ಯವಾಗಿ ಮರೆಯುವುದು ಇದನ್ನೇ. ಎರಡು ವರ್ಷ ಡಿವಿಡೆಂಡ್ ಘೋಷಿಸಿಲ್ಲ ಎನ್ನಿ. ಹಳೆಯ ಪದ್ಧತಿಯಲ್ಲಿ ಆ 2.7 ಕೋಟಿ ಟಿಪ್ಪಣಿಯಲ್ಲಿ ಮಾತ್ರ ಇತ್ತು. ಈಗ ಅದು ಕೂಡಿಬಂದ ಬಡ್ಡಿ, ಮೀಸಲಿನಿಂದ ಕಳೆದು ಹೊಣೆಗೆ ಸೇರಬೇಕು. 57.7ಕ್ಕೆ 27.3, ಅನುಪಾತ 2.11. ಜತೆಗೆ ಪ್ರತಿ ವರ್ಷದ 1.35 ಕೋಟಿ ಡಿವಿಡೆಂಡ್ ಲಾಭ ನಷ್ಟದ ಪಟ್ಟಿಯಲ್ಲಿ ಬಡ್ಡಿ ವೆಚ್ಚವಾಗುತ್ತದೆ. ಬಡ್ಡಿಗೆ ಮುಂಚಿನ ಲಾಭ 8 ಕೋಟಿ, ಬ್ಯಾಂಕ್ ಬಡ್ಡಿ 4 ಕೋಟಿ ಇದ್ದರೆ, ಎರಡು ಪಟ್ಟು ಇದ್ದ ಬಡ್ಡಿ ತೀರಿಸುವ ಶಕ್ತಿ ಒಂದೂವರೆ ಪಟ್ಟಿಗೆ ಇಳಿಯುತ್ತದೆ. ಬಡ್ಡಿ ಎಂದು ಬರೆದ ಮೇಲೆ ತೆರಿಗೆಯಲ್ಲಿ ಕಳೆಯಬಹುದಲ್ಲ ಎಂದು ಲೆಕ್ಕ ಹಾಕಬೇಡಿ. ಆದಾಯ ತೆರಿಗೆಯ ಮಟ್ಟಿಗೆ ಅದು ಡಿವಿಡೆಂಡೇ, ವೆಚ್ಚವಾಗಿ ಕಳೆಯಲು ಬರುವುದಿಲ್ಲ.

ಅವಧಿ ಮುಗಿದಾಗ ಏನಾಗುತ್ತದೆ? ಬ್ಯಾಂಕ್ ಖಾತೆಯಲ್ಲಿ 15 ಕೋಟಿ ಇದ್ದರೂ ಅಷ್ಟರಿಂದಲೇ ಅಸಲು ಕೊಡಲಾಗದು. ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಡಿವಿಡೆಂಡ್‌ಗೆ ಸಿಗುವ ಲಾಭದಿಂದ, ಇಲ್ಲವೇ ಇದಕ್ಕೆಂದೇ ಹೊಸದಾಗಿ ಕೊಟ್ಟ ಷೇರಿನ ಹಣದಿಂದ ಮಾತ್ರ ಕೊಡಬಹುದು. ಲಾಭದಿಂದ ಕೊಟ್ಟರೆ ಅಷ್ಟೇ ಮುಖಬೆಲೆಯ ಮೊತ್ತವನ್ನು ಬಂಡವಾಳ ವಿಮೋಚನಾ ಮೀಸಲಿಗೆ ಹಾಕಬೇಕು. ವರ್ಷಗಟ್ಟಲೆ ಸಾಲದ ಸಾಲಿನಲ್ಲಿ ತೋರಿಸಿದ್ದರೂ ಈ ನಿಯಮ ತಪ್ಪದು. ನಮ್ಮ ಉದಾಹರಣೆಯ ಕಂಪನಿಯಲ್ಲಿ ಉಳಿದ ಮೀಸಲು 7.3 ಕೋಟಿ. ಅದಷ್ಟೂ ಬಳಸಬಹುದಾದ ಲಾಭವೇ ಎಂದುಕೊಂಡರೂ ಇನ್ನೂ 7.7 ಕೋಟಿಗೆ ಹೊಸ ಷೇರು ಕೊಳ್ಳುವವರು ಬೇಕು. ಬ್ಯಾಂಕಿನಿಂದ ಸಾಲ ತಂದು ಈ ಕಂದಕ ಮುಚ್ಚಲಾಗದು. ಆಗ ಕಂಪನಿ ಮಾಡುವುದು ಇಷ್ಟು: ಮೌಲ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಲು ಪ್ರಿಫರೆನ್ಸ್ ಷೇರುದಾರರ ಒಪ್ಪಿಗೆ, ನ್ಯಾಯಮಂಡಳಿಯ ಅನುಮತಿ ಪಡೆದು, ಹಳೆಯದರ ಬದಲು ಹೊಸ ಪ್ರಿಫರೆನ್ಸ್ ಷೇರು ಕೊಡುತ್ತದೆ. ಒಪ್ಪದವರ ಹಣ ಕೂಡಲೇ ಕೊಡುವಂತೆ ನ್ಯಾಯಮಂಡಳಿ ಆದೇಶಿಸಬೇಕು. ಆದ್ದರಿಂದ ಅಂಥ ಒಪ್ಪಿಗೆ ಪತ್ರ ಬಂದರೆ ಓದದೆ ಸಹಿ ಹಾಕಬೇಡಿ, ನಿಮ್ಮ ಕೈಯಲ್ಲಿ ಉಳಿದಿರುವ ಬಲವಾದ ಅಸ್ತ್ರ ಆ ಅಸಮ್ಮತಿ.

ಬಾಕಿ ವಸೂಲಿ ಮಾಡಬೇಕಾದವರು ಮೊದಲು ಕೇಳಬೇಕಾದದ್ದು ಷೇರಿನ ದರವನ್ನಲ್ಲ, ಡಿವಿಡೆಂಡ್ ಹಂಚಲು ಸಿಗುವ ಕಂಪನಿಯ ಮುಕ್ತ ಮೀಸಲನ್ನು. ಅದು ಋಣಾತ್ಮಕವಾಗಿದ್ದರೆ ಮೂರು ವರ್ಷಕ್ಕೆ ಮರುಪಾವತಿ ಎಂಬ ಮಾತಿಗೆ ಆಧಾರವಿಲ್ಲ. ಬ್ಯಾಂಕಿನವರಿಗೆ ಈಕ್ವಿಟಿ ಹೆಚ್ಚು ತೋರಿಸಬೇಕು ಎಂಬುದು ಕಂಪನಿಯ ಕಷ್ಟವಾದರೆ, ಬಾಕಿಯನ್ನು ಸಾಲವಾಗಿಯೇ ಉಳಿಸಿ ಬ್ಯಾಂಕಿನ ಸಾಲ ತೀರುವವರೆಗೆ ಹಿಂದೆ ನಿಲ್ಲುತ್ತೇನೆ ಎಂದು ಬರೆದುಕೊಡಬಹುದು, ಅಥವಾ ಡಿಬೆಂಚರ್ ಕೇಳಬಹುದು. ಷೇರೇ ಆಗಬೇಕೆಂದರೆ, ಗಡುವಿನ ದಿನ ಪ್ರವರ್ತಕರೇ ನಿಗದಿತ ಬೆಲೆಗೆ ಆ ಷೇರು ಕೊಳ್ಳಬೇಕು ಎಂಬ ಪ್ರತ್ಯೇಕ ಒಪ್ಪಂದವನ್ನು ವಕೀಲರಿಂದ ಬರೆಸಿಕೊಳ್ಳಿ. ಎರಡು ವರ್ಷ ಡಿವಿಡೆಂಡ್ ತಪ್ಪಿದರೆ ಎಲ್ಲ ನಿರ್ಣಯಗಳಿಗೂ ಮತ ಹಾಕುವ ಹಕ್ಕನ್ನು 47ನೇ ಸೆಕ್ಷನ್ ಕೊಡುತ್ತದೆ. ಆದರೆ ಖಾಸಗಿ ಕಂಪನಿ ತನ್ನ ನಿಯಮಾವಳಿಯಲ್ಲಿ ಅದನ್ನು ತೆಗೆದುಹಾಕಿರಬಹುದು, ಆ ಪುಟ ಹುಡುಕಿ ಓದಿ.

ಹೊರದೇಶದಲ್ಲಿದ್ದು ಊರಿನ ಬಂಧುಗಳ ಕಂಪನಿಗೆ ಹಣ ಹಾಕುವ ಕನ್ನಡಿಗರಿಗೆ ಒಂದು ಮಾತು. ವಿದೇಶಿ ವಿನಿಮಯದ ನಿಯಮದಲ್ಲಿ ಪೂರ್ತಿಯಾಗಿ ಕಡ್ಡಾಯವಾಗಿ ಸಾಮಾನ್ಯ ಷೇರಾಗುವ ಪ್ರಿಫರೆನ್ಸ್ ಷೇರು ಮಾತ್ರ ಈಕ್ವಿಟಿ. ಅಸಲು ಮರಳುವ ಷೇರು ಅಲ್ಲಿ ವಿದೇಶಿ ಸಾಲದ ನಿಯಮಕ್ಕೆ ಬೀಳುತ್ತದೆ. ಷೇರು ಹಂಚಿದ ಮೇಲೆ ಇದು ಗೊತ್ತಾದರೆ ಸರಿಪಡಿಸಲು ರಿಸರ್ವ್ ಬ್ಯಾಂಕಿನ ಮುಂದೆ ನಿಲ್ಲಬೇಕಾಗುತ್ತದೆ. ಆದ್ದರಿಂದ ಹಣ ಕಳಿಸುವ ಮೊದಲೇ ಷರತ್ತಿನ ಕರಡನ್ನು ವಿದೇಶಿ ವಿನಿಮಯ ನಡೆಸುವ ಅಧಿಕೃತ ಡೀಲರ್ ಬ್ಯಾಂಕಿಗೆ ತೋರಿಸಿ, ಇದನ್ನು ಯಾವ ವರ್ಗದಲ್ಲಿ ಸ್ವೀಕರಿಸುತ್ತೀರಿ ಎಂದು ಬರಹದಲ್ಲಿ ಕೇಳಿ ಪಡೆಯಿರಿ.