ಮೊದಲ ಪುಟವೋ, ನಡುವಿನ ಜಗಳವೋ: ಓದಿ ನೋಡಿದ ಮೇಲೆ

ರಾಯಚೂರಿನ ಒಂದು ಕಾರ್ಯಕ್ರಮದಲ್ಲಿ ನನ್ನ ಕಥೆ ಪುಸ್ತಕದಿಂದ ಓದಲು ಎಂಟು ನಿಮಿಷ ಕೊಟ್ಟಿದ್ದರು. ಎರಡು ಭಾಗ ಗುರುತು ಹಾಕಿಕೊಂಡು, ಎರಡನ್ನೂ ಮನೆಯವರಿಗೂ ಪಕ್ಕದ ಮನೆ ಅಕ್ಕನಿಗೂ ಓದಿ ಹೇಳಿದೆ.

ಒಂದು, ಕಥೆಯ ಶುರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ಸಿಂಧನೂರು ಕಡೆಯ ಗದ್ದೆಗಳು ಹೇಗಿದ್ದವು ಅನ್ನೋ ವರ್ಣನೆ. ಹಿಂದಿನ ಕಥೆ ಹೇಳುವ ತಾಪತ್ರಯ ಇಲ್ಲ, ಅದೊಂದು ದೊಡ್ಡ ಅನುಕೂಲ. ಆದರೆ ವಾಕ್ಯಗಳು ಉದ್ದ. ಓದುವವರು ಕಣ್ಣು ಹಿಂದೆ ಹಾಯಿಸಬಹುದು, ಕೇಳುವವರಿಗೆ ಅದು ಆಗಲ್ಲ ಅಲ್ವಾ? ಮೂರನೇ ನಿಮಿಷಕ್ಕೆ ಅಕ್ಕನ ಕಣ್ಣು ಗೋಡೆ ಗಡಿಯಾರದ ಕಡೆ ಹೋಯಿತು.

ಇನ್ನೊಂದು, ನಡುವಿನ ಜಗಳ. ಕಾಲುವೆಯ ಕೊನೆಯಲ್ಲಿ ಹೊಲ ಇರುವ ಅಣ್ಣ, ಮೇಲಿನ ಭಾಗದಲ್ಲಿರುವ ತಮ್ಮ, ರಾತ್ರಿ ತೂಬಿನ ಹತ್ತಿರ ಮಾತು. ಇದಕ್ಕೆ ಮೊದಲೇ ಎರಡು ಮಾತು ಹೇಳಲೇಬೇಕು: ಯಾರ ಹೊಲ ಎಲ್ಲಿದೆ, ಇಬ್ಬರೂ ಯಾಕೆ ಮಾತು ಬಿಟ್ಟಿದ್ದರು. ಅಷ್ಟು ಹೇಳಿದರೆ ಸಾಕು, ಕೇಳುವವರು ಜೊತೆಗೇ ಬರುತ್ತಾರೆ. ಇಬ್ಬರೇ ಇರುವುದರಿಂದ ಗೊಂದಲ ಕಡಿಮೆ. ಐದಾರು ಜನ ಮಾತಾಡುವ ಭಾಗವಾಗಿದ್ದರೆ ನಾನು ಆರಿಸುತ್ತಿರಲಿಲ್ಲ.

ಆದರೂ ಮೊದಲ ಸಲ ಓದಿದಾಗ ಎಡವಿದೆ. ಅಚ್ಚಿನಲ್ಲಿ "ನೀರು ಬಂದಾವೇನೋ ತಮ್ಮಾ?" ಅಂತ ಮಾತು ಮೊದಲು ಬಂದು, "ಅಣ್ಣ ಕೇಳಿದ" ಅನ್ನೋದು ಆಮೇಲೆ ಬರುತ್ತಿತ್ತು. ಕೆಲವು ಕಡೆ ಯಾರು ಮಾತಾಡಿದರು ಅನ್ನೋದು ಕಿವಿಗೆ ತಡವಾಗಿ ಗೊತ್ತಾಗುತ್ತದೆ. ಪ್ರತಿಯಲ್ಲಿ ಪೆನ್ಸಿಲ್‌ನಿಂದ ಬಾಣ ಹಾಕಿ "ಅಣ್ಣ ಕೇಳಿದ" ಅನ್ನೋದನ್ನು ಮುಂದೆ ತಂದೆ. "ಇನ್ನಾ ಬಂದಿಲ್ಲ ಯಣ್ಣಾ" ಅನ್ನೋ ಕಡೆ "ತಮ್ಮ ಹೇಳಿದ" ಅನ್ನೋದನ್ನೇ ಹೊಡೆದು ಹಾಕಿದೆ. "ಯಣ್ಣಾ" ಅಂದ ಮೇಲೆ ಅದು ತಮ್ಮನೇ.

ಸಮಯದ ಲೆಕ್ಕ ಹೀಗಿತ್ತು. ಮನಸ್ಸಿನಲ್ಲೇ ಓದಿದಾಗ ನಾಲ್ಕು ನಿಮಿಷ. ಜೋರಾಗಿ ಓದಿದಾಗ ಏಳು. ನಿಂತು, ತಲೆ ಎತ್ತಿ ಜನರನ್ನು ನೋಡುತ್ತಾ ಓದಿದಾಗ ಎಂಟು ದಾಟಿತು, ಪೀಠಿಕೆ ಬೇರೆ. ಸುಮ್ನೆ ಬೇಗ ಓದಿದರೆ ಸಾಲು ನುಂಗಿದಂತಾಗುತ್ತದೆ. ಅದಕ್ಕೇ ನಡುವಿನ ಒಂದು ಪ್ಯಾರಾ ಪೂರ್ತಿ ಬಿಟ್ಟು, ಪೀಠಿಕೆ ಸೇರಿಸಿ ಏಳಕ್ಕೆ ಇಳಿಸಿದೆ.

ಪುಸ್ತಕ ಹಿಡಿದು ಓದುವುದಕ್ಕಿಂತ ದೊಡ್ಡ ಅಕ್ಷರದ ಪ್ರಿಂಟೇ ವಾಸಿ ಅನಿಸಿತು. ಒಂದೇ ತೊಂದರೆ, ರಾಯಚೂರಿನ ಸೆಕೆಗೆ ಫ್ಯಾನ್ ಪೂರ್ತಿ ಜೋರಾಗಿ ತಿರುಗುತ್ತಿರುತ್ತದೆ. ಬಿಡಿ ಹಾಳೆ ನಿಲ್ಲುವುದಿಲ್ಲ. ಪರೀಕ್ಷೆ ಪ್ಯಾಡಿಗೆ ಸಿಕ್ಕಿಸಿಕೊಂಡು ಹೋದೆ.

ಕೊನೆಗೆ ಓದಿದ್ದು ಜಗಳವನ್ನೇ. ಮೂರು ನಿಮಿಷವಷ್ಟೇ ಸಿಕ್ಕಿದ್ದರೆ ಮೊದಲ ಪುಟ ಓದುತ್ತಿದ್ದೆ. ನಿಲ್ಲಿಸಿದ್ದು ಜಗಳ ಮುಗಿಯುವ ಮೊದಲೇ: "ಬಂದಿಲ್ಲ" ಅಂತ ತಮ್ಮ ಹೇಳುತ್ತಾನೆ, ಕತ್ತಲಲ್ಲಿ ಅವನ ಬದುವಿನ ಆಚೆ ನೀರಿನ ಸಪ್ಪಳ ಅಣ್ಣನಿಗೆ ಕೇಳಿಸುತ್ತದೆ. ಅಲ್ಲಿಗೆ ಪ್ಯಾಡ್ ಇಳಿಸಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು "ಆಮ್ಯಾಲೆ?" ಅಂದರು.